ಡಬ್ಬಿ 750 ಅನ್ನುತ್ತೆ, ಕ್ಯಾಲ್ಕುಲೇಟರ್ 500 ಅನ್ನುತ್ತೆ: ಪವರ್ ಸಪ್ಲೈ ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ನನ್ನ ಪಿಸಿಯಲ್ಲಿ ರೈಜನ್ 5 5600 ಮತ್ತು ಜಿಟಿಎಕ್ಸ್ 1660 ಸೂಪರ್ ಇದೆ. ಪವರ್ ಸಪ್ಲೈ 550 ವ್ಯಾಟ್, 2018ರಲ್ಲಿ ತಗೊಂಡಿದ್ದು, ಲೇಬಲ್‌ನಲ್ಲಿ 12 ವೋಲ್ಟ್‌ಗೆ 38 ಆಂಪ್ಸ್ ಅಂತಿದೆ. ಈಗ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3080 ತಗೊಳ್ತಿದೀನಿ. ಮುಂದೆ ಪ್ರೊಸೆಸರ್ ಕೂಡ 5800ಎಕ್ಸ್3ಡಿಗೆ ಬದಲಾಯಿಸೋ ಯೋಚನೆ ಇದೆ. ಆನ್‌ಲೈನ್ ಕ್ಯಾಲ್ಕುಲೇಟರ್ 500 ವ್ಯಾಟ್ ಸಾಕು ಅನ್ನುತ್ತೆ, ಕಾರ್ಡ್‌ನ ಡಬ್ಬಿ 750 ಬೇಕು ಅನ್ನುತ್ತೆ. ಯಾವುದನ್ನು ನಂಬಲಿ? ಕಾರ್ಡ್‌ಗೆ ಎರಡು 8-ಪಿನ್ ಬೇಕು. ನನ್ನ ಹತ್ರ ಇರೋದು ಒಂದೇ ಕೇಬಲ್, ಅದರಲ್ಲೇ ಎರಡು ಕನೆಕ್ಟರ್ ಇವೆ. ಅದನ್ನೇ ಚುಚ್ಚಬಹುದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಈ ಕಾರ್ಡ್‌ಗೆ ನಿಮ್ಮ ಹಳೇ 550 ಬೇಡ. ಒಳ್ಳೆಯ ಗುಣಮಟ್ಟದ 650 ನಡೆಯುತ್ತದೆ, ಆದರೆ ಅಂಚಿನಲ್ಲಿ ನಡೆಯುತ್ತದೆ. 5800ಎಕ್ಸ್3ಡಿ ಯೋಚನೆ ನಿಜವಾಗಿದ್ದರೆ 750 ತಗೊಳ್ಳಿ. ಒಂದೇ ಕೇಬಲ್‌ನ ಎರಡು ಕನೆಕ್ಟರ್ ಚುಚ್ಚಬೇಡಿ, ಎರಡು ಬೇರೆ ಬೇರೆ ಕೇಬಲ್ ಎಳೆಯಿರಿ. ಯಾಕೆ ಅನ್ನೋದನ್ನು ಈಗ ನಿಧಾನವಾಗಿ ನೋಡೋಣ, ಯಾಕಂದ್ರೆ ಈ ಲೆಕ್ಕ ಒಮ್ಮೆ ಕೈಗೆ ಬಂದರೆ ಮುಂದಿನ ಸಲ ಯಾರನ್ನೂ ಕೇಳುವ ಅಗತ್ಯ ಇರುವುದಿಲ್ಲ.

ಕ್ಯಾಲ್ಕುಲೇಟರ್ ಹೇಳುವ 500, ಡಬ್ಬಿ ಹೇಳುವ 750, ಎರಡೂ ಸುಳ್ಳಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ. ಕ್ಯಾಲ್ಕುಲೇಟರ್ ನಿಮ್ಮ ಭಾಗಗಳ ಸರಾಸರಿ ಬಳಕೆಯನ್ನು ಕೂಡಿಸಿ, ಮೇಲೆ ಸ್ವಲ್ಪ ಸೇರಿಸಿ ಹೇಳುತ್ತದೆ. ಕಾರ್ಡ್ ತಯಾರಿಸಿದವರಿಗೆ ನಿಮ್ಮ ಮನೆಯ ಪಿಸಿ ಕಾಣುವುದಿಲ್ಲ. ಯಾರೋ ಒಬ್ಬರು 250 ವ್ಯಾಟ್ ಎಳೆಯುವ ಪ್ರೊಸೆಸರ್ ಜೊತೆ ಈ ಕಾರ್ಡ್ ಹಾಕಬಹುದು, ಇನ್ನೊಬ್ಬರು ಕೈಗೆ ಸಿಕ್ಕ ಅಗ್ಗದ ಪವರ್ ಸಪ್ಲೈಗೆ ಹಾಕಬಹುದು. ಅವರೆಲ್ಲರಿಗೂ ಸೇರಿಸಿ ಒಂದು ಸಂಖ್ಯೆ ಹೇಳಬೇಕಲ್ಲ, ಅದಕ್ಕೇ 750. ನೀವು ಮಾಡಬೇಕಾದ್ದು ನಿಮ್ಮದೇ ಪಿಸಿಯ ಲೆಕ್ಕ.

ಲೆಕ್ಕ ಶುರು ಮಾಡೋಣ. ಗ್ರಾಫಿಕ್ಸ್ ಕಾರ್ಡ್‌ನ ಮಟ್ಟಿಗೆ ಬರೆದಿರುವ ವ್ಯಾಟ್ ಅನ್ನೇ ನಂಬಬಹುದು. 10 ಜಿಬಿಯ 3080ಗೆ ಅದು 320 ವ್ಯಾಟ್. ಕೆಲವು ಕಂಪನಿಗಳು ತಮ್ಮ ಓವರ್‌ಕ್ಲಾಕ್ ಮಾದರಿಗಳಲ್ಲಿ ಇದನ್ನು ಇನ್ನೂ ಏರಿಸಿರುತ್ತವೆ, ಹಾಗಾಗಿ ನೀವು ಕೊಳ್ಳುವ ಮಾದರಿಯ ಪುಟ ಒಮ್ಮೆ ತೆರೆದು ನೋಡಿ. ಪ್ರೊಸೆಸರ್ ವಿಷಯದಲ್ಲಿ ಮಾತ್ರ ಡಬ್ಬಿ ಮೇಲೆ ಟಿಡಿಪಿ ಅಂತ ಬರೆದಿರುವ ವ್ಯಾಟ್ ಅನ್ನು ಲೆಕ್ಕಕ್ಕೆ ತಗೊಳ್ಳಬೇಡಿ. 5600ರ ಟಿಡಿಪಿ 65 ವ್ಯಾಟ್, ಆದರೆ ಅದು ನಿಜವಾಗಿ ಎಳೆಯಲು ಅನುಮತಿ ಇರುವುದು 76 ವ್ಯಾಟ್. 5800ಎಕ್ಸ್3ಡಿಯ ಟಿಡಿಪಿ 105, ಮಿತಿ 142. ಎಎಂಡಿಯವರು ಈ ಮಿತಿಯನ್ನು ಪಿಪಿಟಿ ಅನ್ನುತ್ತಾರೆ. ಇಂಟೆಲ್ ಆದರೆ ಪಿಎಲ್2 ಅಥವಾ ಗರಿಷ್ಠ ಟರ್ಬೊ ಪವರ್ ಅನ್ನುವ ಸಾಲು ನೋಡಬೇಕು. ಅಲ್ಲಂತೂ ವ್ಯತ್ಯಾಸ ತುಂಬಾ ದೊಡ್ಡದು. ಐ7-13700ಕೆ ತಗೊಂಡರೆ ಬೇಸ್ ಪವರ್ 125 ವ್ಯಾಟ್, ಗರಿಷ್ಠ 253.

ಉಳಿದದ್ದಕ್ಕೆ ಒಂದೊಂದಾಗಿ ತಲೆ ಕೆಡಿಸಿಕೊಳ್ಳುವುದು ಬೇಡ. ಮದರ್‌ಬೋರ್ಡ್, ಎರಡು ರ‍್ಯಾಮ್, ಒಂದು ಎಸ್‌ಎಸ್‌ಡಿ, ಒಂದು ಹಾರ್ಡ್ ಡಿಸ್ಕ್, ನಾಲ್ಕು ಫ್ಯಾನ್, ಯುಎಸ್‌ಬಿಗೆ ಚುಚ್ಚಿರುವ ಚಿಲ್ಲರೆ ಸಾಮಾನು, ಎಲ್ಲ ಸೇರಿ 60 ವ್ಯಾಟ್ ಇಟ್ಟುಕೊಂಡರೆ ಸಾಕು. ಈಗ ಕೂಡಿಸಿ: 320, 76, 60. ಒಟ್ಟು 456 ವ್ಯಾಟ್. 550ರ ಒಳಗೇ ಇದೆ ಅಲ್ವಾ? ಕ್ಯಾಲ್ಕುಲೇಟರ್ ನಿಮಗೆ ಧೈರ್ಯ ಹೇಳಿದ್ದು ಇಲ್ಲೇ.

ಆದರೆ ನೀವು ಲೇಬಲ್ ನೋಡಿ ಬರೆದಿರುವ ಆ ಇನ್ನೊಂದು ಸಂಖ್ಯೆ ಇದೆಯಲ್ಲ, 38 ಆಂಪ್ಸ್, ಇಡೀ ಪ್ರಶ್ನೆಯಲ್ಲಿ ಅದೇ ಮುಖ್ಯ. ಪವರ್ ಸಪ್ಲೈಯ ಪಕ್ಕೆಯಲ್ಲಿ ಒಂದು ಕೋಷ್ಟಕ ಇರುತ್ತದೆ. 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್ ಅಂತ ಬೇರೆ ಬೇರೆ ಕಾಲಂಗಳು. ಗೇಮಿಂಗ್ ಪಿಸಿಯಲ್ಲಿ ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್, ಫ್ಯಾನ್, ಇವೆಲ್ಲ ಉಣ್ಣುವುದು 12 ವೋಲ್ಟ್‌ನಿಂದ. ಆಂಪ್ಸ್‌ಗೆ 12 ಗುಣಿಸಿದರೆ ಆ ಕಾಲಂನ ವ್ಯಾಟ್ ಸಿಗುತ್ತದೆ. 38 ಗುಣಿಸು 12, ಅಂದರೆ 456. ನಿಮ್ಮ 550 ವ್ಯಾಟ್‌ನಲ್ಲಿ ಗೇಮ್ ಆಡುವ ಕೆಲಸಕ್ಕೆ ಸಿಗುವುದು ಇಷ್ಟೇ. ಉಳಿದ ತೊಂಬತ್ತು ಚಿಲ್ಲರೆ ವ್ಯಾಟ್ 3.3 ಮತ್ತು 5 ವೋಲ್ಟ್‌ಗೆ ಮೀಸಲು, ಇವತ್ತಿನ ಪಿಸಿ ಅದನ್ನು ಸರಿಯಾಗಿ ಬಳಸುವುದೇ ಇಲ್ಲ. ಕೆಲವು ಲೇಬಲ್‌ಗಳಲ್ಲಿ 12 ವೋಲ್ಟ್ ಎರಡು ಮೂರು ಕಾಲಂ ಆಗಿ ಒಡೆದಿರುತ್ತದೆ. ಆಗ ಅವುಗಳನ್ನು ಸುಮ್ನೆ ಕೂಡಿಸಬಾರದು, ಕೆಳಗೆ ಒಟ್ಟು ಗರಿಷ್ಠ ವ್ಯಾಟ್ ಅಂತ ಒಂದು ಸಾಲು ಇರುತ್ತದೆ, ಅದನ್ನು ನೋಡಬೇಕು. ಹೊಸ ವಿನ್ಯಾಸದ ಒಳ್ಳೆಯ ಪವರ್ ಸಪ್ಲೈಗಳಲ್ಲಿ ಈ ತೊಂದರೆ ಇಲ್ಲ. ಅವುಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ಸಾಮರ್ಥ್ಯ 12 ವೋಲ್ಟ್‌ನಲ್ಲೇ ಸಿಗುತ್ತದೆ. 650ರದ್ದರಲ್ಲಿ ಸಾಮಾನ್ಯವಾಗಿ 54 ಆಂಪ್ಸ್, 750ರದ್ದರಲ್ಲಿ 62 ಆಂಪ್ಸ್ ಬರೆದಿರುತ್ತದೆ. 550 ಅಂತ ಬರೆದು 12 ವೋಲ್ಟ್‌ಗೆ 38 ಆಂಪ್ಸ್ ಮಾತ್ರ ಕೊಡುತ್ತಿದ್ದರೆ ಒಳಗಿನ ವಿನ್ಯಾಸ ಹಳೆಯದು ಅಂತಲೇ ಅರ್ಥ.

ಈಗ 12 ವೋಲ್ಟ್ ಲೆಕ್ಕವನ್ನಷ್ಟೇ ಬೇರೆ ಮಾಡೋಣ. ಕಾರ್ಡ್ 320, ಪ್ರೊಸೆಸರ್ 76, ಫ್ಯಾನು, ಹಾರ್ಡ್ ಡಿಸ್ಕ್, ಬೋರ್ಡಿನ ಪಾಲು ಸೇರಿ ಒಂದು 25. ಒಟ್ಟು 420 ವ್ಯಾಟ್ ಹತ್ತಿರ. ಇರುವುದು 456. ಅಂದರೆ ಶೇಕಡಾ 92ರಷ್ಟು ಭಾರ, ಅದೂ ಗಂಟೆಗಟ್ಟಲೆ, ಅದೂ ಇಷ್ಟು ವರ್ಷ ದುಡಿದಿರುವ ಪವರ್ ಸಪ್ಲೈ ಮೇಲೆ. ಇಷ್ಟಾದರೂ ಬೆಂಚ್‌ಮಾರ್ಕ್ ಓಡಿಸಿದರೆ ಓಡಿಬಿಡಬಹುದು. ತೊಂದರೆ ಬರುವುದು ಸರಾಸರಿಯಿಂದಲ್ಲ, ಕ್ಷಣಿಕವಾಗಿ ಏರುವ ಸ್ಪೈಕ್‌ಗಳಿಂದ.

3080 ಮತ್ತು 3090 ಬಂದ 2020ರಲ್ಲಿ ಈ ಸ್ಪೈಕ್ ವಿಷಯ ಎಲ್ಲರ ಬಾಯಿಗೆ ಬಂತು. ಕಾರ್ಡ್ 320 ವ್ಯಾಟ್ ಅನ್ನುವುದು ಸರಾಸರಿ. ಒಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ, ಅಥವಾ ಅದಕ್ಕಿಂತಲೂ ಕಡಿಮೆ ಹೊತ್ತಲ್ಲಿ, ಅದು 450, 480ರವರೆಗೆ ಚಿಮ್ಮಿ ಮತ್ತೆ ಕೆಳಗಿಳಿಯುತ್ತದೆ. ಸಾಫ್ಟ್‌ವೇರ್‌ನಲ್ಲಿ ಇದು ಕಾಣುವುದಿಲ್ಲ, ಯಾಕಂದ್ರೆ ಅದು ಸೆಕೆಂಡಿಗೆ ಒಂದೋ ಎರಡೋ ಸಲ ಓದುತ್ತದೆ. ಪವರ್ ಸಪ್ಲೈಯೊಳಗಿನ ರಕ್ಷಣಾ ಸರ್ಕ್ಯೂಟ್‌ಗೆ ಮಾತ್ರ ಕಾಣುತ್ತದೆ. ಅದಕ್ಕೆ ಇದು ಗೇಮಿನ ಸ್ಪೈಕೋ ಶಾರ್ಟ್ ಸರ್ಕ್ಯೂಟೋ ಅಂತ ಗೊತ್ತಾಗುವುದಿಲ್ಲ. ಮಿತಿ ದಾಟಿತು, ಆರಿಸಿಬಿಡು, ಅಷ್ಟೇ.

ನಿಮ್ಮ ಲೆಕ್ಕಕ್ಕೆ ಇದನ್ನು ಸೇರಿಸಿ. 420ರಲ್ಲಿ ಕಾರ್ಡ್‌ನ 320 ತೆಗೆದು 480 ಹಾಕಿದರೆ 580 ವ್ಯಾಟ್. ಪವರ್ ಸಪ್ಲೈಗಳ ರಕ್ಷಣೆಯನ್ನು ಸಾಮಾನ್ಯವಾಗಿ ಬರೆದ ಸಾಮರ್ಥ್ಯಕ್ಕಿಂತ ಶೇಕಡಾ 20ರಿಂದ 40ರಷ್ಟು ಮೇಲೆ ಇಟ್ಟಿರುತ್ತಾರೆ. 456ರ ಮೇಲೆ ಅದು 547ರಿಂದ 638. ನಿಮ್ಮ 580 ಸರಿಯಾಗಿ ಈ ಮಧ್ಯೆ ಬಂದು ಕೂತಿದೆ. ಒಂದು ದಿನ ಆಡುತ್ತದೆ, ಮರುದಿನ ಆರಿಹೋಗುತ್ತದೆ. ಪೂರ್ತಿ ಕೆಟ್ಟ ಪವರ್ ಸಪ್ಲೈಗಿಂತ ಈ ಸ್ಥಿತಿ ಜಾಸ್ತಿ ಕಾಡುತ್ತದೆ, ಯಾಕಂದ್ರೆ ತಪ್ಪು ಎಲ್ಲಿದೆ ಅಂತ ಹುಡುಕುವುದೇ ಕಷ್ಟ.

ನಾನೂ ಒಮ್ಮೆ ಹೀಗೆ ಹುಡುಕಿದ್ದೇನೆ. ಸ್ನೇಹಿತರೊಬ್ಬರ ಪಿಸಿ, ಇಂಥದ್ದೇ ಕಾರ್ಡ್, ಹಳೇ ಪವರ್ ಸಪ್ಲೈ. ಒಂದು ಗಂಟೆ ಸ್ಟ್ರೆಸ್ ಟೆಸ್ಟ್ ಓಡಿಸಿದೆವು, ಏನೂ ಆಗಲಿಲ್ಲ. ಸರಿ ಇದೆ ಅಂತ ಗೇಮ್ ತೆರೆದರು. ಗೇಮ್ ಆಡುವಾಗಲೂ ಅಲ್ಲ, ಮೆನು ಬಂದ ಕೂಡಲೇ, ಟಕ್ ಅಂತ ಒಂದು ಸಣ್ಣ ಸದ್ದು, ಪರದೆ ಕಪ್ಪು, ಎಲ್ಲ ಫ್ಯಾನು ಒಟ್ಟಿಗೆ ನಿಂತವು. ಪವರ್ ಬಟನ್ ಒತ್ತಿದರೂ ಏಳಲಿಲ್ಲ. ಹಿಂದಿನ ಸ್ವಿಚ್ ಆರಿಸಿ ಅರ್ಧ ನಿಮಿಷ ಬಿಟ್ಟು ಹಾಕಿದ ಮೇಲೆ ಎದ್ದಿತು. ಸ್ಟ್ರೆಸ್ ಟೆಸ್ಟ್‌ನಲ್ಲಿ ಆರದ್ದು ಮೆನುವಿನಲ್ಲಿ ಯಾಕೆ ಆರಿತು? ಸ್ಟ್ರೆಸ್ ಟೆಸ್ಟ್‌ನಲ್ಲಿ ಭಾರ ಒಂದೇ ಸಮ ಇರುತ್ತದೆ, ಕಾರ್ಡ್ ತನ್ನ ಮಿತಿಗೆ ಕಟ್ಟಿಕೊಂಡು ಓಡುತ್ತದೆ. ಮೆನುವಿನಲ್ಲಿ ಫ್ರೇಮ್ ಮಿತಿ ಹಾಕಿರಲಿಲ್ಲ, ಸೆಕೆಂಡಿಗೆ ನೂರಾರು ಫ್ರೇಮ್, ಭಾರ ಸೊನ್ನೆಯಿಂದ ತುದಿಗೆ ಒಂದೇ ನೆಗೆತ. ಆ ನೆಗೆತವೇ ಸ್ಪೈಕ್. ಅಂದಿನಿಂದ ಸ್ಟ್ರೆಸ್ ಟೆಸ್ಟ್ ಪಾಸಾಯ್ತು ಅನ್ನುವ ಮಾತನ್ನು ಮಾತ್ರ ನಂಬಿ ನಾನು ಪವರ್ ಸಪ್ಲೈಗೆ ಸರ್ಟಿಫಿಕೇಟ್ ಕೊಟ್ಟಿಲ್ಲ.

ಪಿಸಿ ಆರಿದಾಗ ಅದು ಪವರ್ ಸಪ್ಲೈ ಕೆಲಸವೋ ಬೇರೆಯದೋ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ನೀಲಿ ಪರದೆ ಬಂದಿದ್ದರೆ, ಅಥವಾ ಗೇಮ್ ಮಾತ್ರ ಮುಚ್ಚಿ ಡೆಸ್ಕ್‌ಟಾಪ್‌ಗೆ ಬಂದಿದ್ದರೆ, ಮೊದಲು ಡ್ರೈವರ್, ರ‍್ಯಾಮ್, ಓವರ್‌ಕ್ಲಾಕ್ ಇವನ್ನು ಅನುಮಾನಿಸಿ. ಯಾವ ಮುನ್ಸೂಚನೆಯೂ ಇಲ್ಲದೆ ವೈರ್ ಕಿತ್ತ ಹಾಗೆ ಆರಿದರೆ ಪವರ್ ಕಡೆ ನೋಡಿ. ವಿಂಡೋಸ್‌ನ Event Viewer ತೆರೆದರೆ ಅಲ್ಲಿ Kernel-Power 41 ಅನ್ನುವ ಸಾಲು ಕಾಣುತ್ತದೆ. ಅದನ್ನು ನೋಡಿ ಪವರ್ ಸಪ್ಲೈ ಕೆಟ್ಟಿದೆ ಅಂತ ತೀರ್ಮಾನಿಸುವವರು ತುಂಬಾ ಜನ. ಅದು ಹೇಳುವುದು ಇಷ್ಟೇ: ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ. ವಿವರದಲ್ಲಿ BugcheckCode ಸೊನ್ನೆ ಇದ್ದರೆ ನೀಲಿ ಪರದೆ ದಾಖಲಾಗಿಲ್ಲ ಅಂತ ಅರ್ಥ, ಪವರ್ ಅನುಮಾನ ಗಟ್ಟಿಯಾಗುತ್ತದೆ, ಆದರೂ ಅದೇ ಸಾಕ್ಷಿ ಅಲ್ಲ. ಸಾಕ್ಷಿ ಬೇಕಿದ್ದರೆ ಕಾರ್ಡ್‌ನ ಪವರ್ ಮಿತಿ ಇಳಿಸಿ ನೋಡಿ. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನ್ ಆಗಿ ತೆರೆದು ಹೀಗೆ ಕೊಡಿ:

```
nvidia-smi -q -d POWER
nvidia-smi -pl 220
```

ಮೊದಲನೇ ಸಾಲು ಈಗಿನ ಮಿತಿ ಎಷ್ಟು, ಕನಿಷ್ಠ ಮತ್ತು ಗರಿಷ್ಠ ಎಷ್ಟರವರೆಗೆ ಬದಲಾಯಿಸಬಹುದು ಅಂತ ತೋರಿಸುತ್ತದೆ. ಎರಡನೆಯದು ಮಿತಿಯನ್ನು 220 ವ್ಯಾಟ್‌ಗೆ ಇಳಿಸುತ್ತದೆ. ಪಿಸಿ ರೀಸ್ಟಾರ್ಟ್ ಆದರೆ ಮೊದಲಿನ ಹಾಗೇ ಆಗುತ್ತದೆ, ಭಯ ಬೇಡ. ಹೀಗೆ ಇಳಿಸಿದ ಮೇಲೆ ಅದೇ ಗೇಮ್, ಅದೇ ಮೆನು, ನಾಲ್ಕೈದು ದಿನ ಆರದೇ ಓಡಿದರೆ ತೊಂದರೆ ಪವರ್ ಸಪ್ಲೈಯಲ್ಲೋ ಕೇಬಲ್‌ನಲ್ಲೋ ಇದೆ ಅಂತ ಹೆಚ್ಚುಕಡಿಮೆ ಖಾತ್ರಿ. ಸ್ನೇಹಿತರ ಪಿಸಿಯಲ್ಲಿ ನಮಗೆ ಗೊತ್ತಾಗಿದ್ದೂ ಹೀಗೇ. ಹೊಸ ಪವರ್ ಸಪ್ಲೈ ಬರುವವರೆಗೆ ದಿನ ದೂಡಲಿಕ್ಕೂ ಇದು ಒಳ್ಳೆಯ ಉಪಾಯ. ವ್ಯಾಟ್ ಮೂರನೇ ಒಂದು ಭಾಗ ಕಡಿಮೆಯಾದರೂ ಫ್ರೇಮ್‌ಗಳು ಅಷ್ಟು ಪ್ರಮಾಣದಲ್ಲಿ ಬೀಳುವುದಿಲ್ಲ. ಕಾರ್ಡ್ ಕೊನೆಯ ಕೆಲವು ಫ್ರೇಮ್‌ಗಳಿಗಾಗಿಯೇ ಅತಿ ಹೆಚ್ಚು ಕರೆಂಟ್ ತಿನ್ನುತ್ತದೆ.

ಈಗ ಹೊಸದನ್ನು ಆರಿಸೋಣ. 5800ಎಕ್ಸ್3ಡಿ ಸೇರಿಸಿ ಲೆಕ್ಕ ಹಾಕಬೇಕು, ಯಾಕಂದ್ರೆ ಪವರ್ ಸಪ್ಲೈಯನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದಿಲ್ಲ. 76ರ ಜಾಗದಲ್ಲಿ 142 ಹಾಕಿದರೆ 12 ವೋಲ್ಟ್‌ನ ಒಟ್ಟು 486 ವ್ಯಾಟ್ ಆಗುತ್ತದೆ. ಗೇಮ್ ಆಡುವಾಗ ಆ ಪ್ರೊಸೆಸರ್ 142 ಮುಟ್ಟುವುದಿಲ್ಲ, ತುಂಬಾ ಕೆಳಗೇ ಇರುತ್ತದೆ, ಆದರೂ ಲೆಕ್ಕದಲ್ಲಿ ಗರಿಷ್ಠವೇ ಇರಲಿ. ಸ್ಪೈಕ್ ಸೇರಿಸಿದರೆ 646. 650ರ ಪವರ್ ಸಪ್ಲೈಯಲ್ಲಿ 54 ಆಂಪ್ಸ್, ಅಂದರೆ 648 ವ್ಯಾಟ್. ಸರಿಯಾಗಿ ಅಂಚು. ರಕ್ಷಣೆಯ ಮಿತಿ ಅದಕ್ಕಿಂತ ಮೇಲಿರುವುದರಿಂದ ಒಳ್ಳೆಯ 650 ಆರುವುದಿಲ್ಲ, ನಾನು ಅದನ್ನು ತಪ್ಪು ಅನ್ನುವುದಿಲ್ಲ. 750ರದ್ದರಲ್ಲಿ 62 ಆಂಪ್ಸ್, 744 ವ್ಯಾಟ್. ಸ್ಪೈಕ್ ಬಂದರೂ ಬರೆದ ಸಾಮರ್ಥ್ಯದ ಒಳಗೇ ನೂರು ವ್ಯಾಟ್ ಉಳಿಯುತ್ತದೆ. ಸಾಧಾರಣ ಭಾರ ಶೇಕಡಾ 65. ಫ್ಯಾನ್ ಜೋರಾಗಿ ಕೂಗುವುದಿಲ್ಲ, ಕೆಪಾಸಿಟರ್‌ಗಳು ತಣ್ಣಗಿರುತ್ತವೆ, ಮುಂದೆ ಅವು ಸೊರಗಿದರೂ ಅವಕಾಶ ಉಳಿದಿರುತ್ತದೆ. ನಾನು ಯಾವಾಗಲೂ ಹಿಡಿಯುವ ಅಳತೆ ಇದೇ: 12 ವೋಲ್ಟ್‌ನ ನಿರಂತರ ಭಾರ ಶೇಕಡಾ 70ರ ಆಸುಪಾಸು ಇರಬೇಕು, ಸ್ಪೈಕ್ ಸೇರಿಸಿದರೂ ಬರೆದ ಸಂಖ್ಯೆಯ ಒಳಗೆ ಇರಬೇಕು.

ಹಾಗಾದ್ರೆ 1000 ತಗೊಂಡರೆ ಇನ್ನೂ ಒಳ್ಳೇದಲ್ವಾ ಅಂತ ಕೇಳಬಹುದು. ಕೆಟ್ಟದ್ದೇನೂ ಇಲ್ಲ. ಪವರ್ ಸಪ್ಲೈ ತನ್ನ ಮೇಲೆ ಬರೆದಷ್ಟನ್ನು ಎಳೆಯುವುದಿಲ್ಲ, ಪಿಸಿ ಕೇಳಿದಷ್ಟನ್ನು ಮಾತ್ರ ಕೊಡುತ್ತದೆ. ಕರೆಂಟ್ ಬಿಲ್ ಏರುತ್ತದೆ ಅನ್ನುವುದು ತಪ್ಪು ಕಲ್ಪನೆ. ಆದರೆ ಅದೇ ದುಡ್ಡಿಗೆ ಗುಣಮಟ್ಟ ಕಡಿಮೆ ಇರುವ 1000ಕ್ಕಿಂತ ಗುಣಮಟ್ಟ ಇರುವ 750 ಎಷ್ಟೋ ಮೇಲು. ಗುಣಮಟ್ಟ ಅಂದ ಕೂಡಲೇ ಎಲ್ಲರೂ 80 ಪ್ಲಸ್ ಗೋಲ್ಡ್ ಚೀಟಿ ನೋಡುತ್ತಾರೆ. ಅದು ದಕ್ಷತೆಯ ಅಳತೆ. ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಪಿಸಿಗೆ ತಲುಪಿತು, ಎಷ್ಟು ಬಿಸಿಯಾಗಿ ಹೋಯಿತು ಅಂತ ಮಾತ್ರ ಹೇಳುತ್ತದೆ. ಸ್ಪೈಕ್ ತಡೆಯುತ್ತದಾ, ವೋಲ್ಟೇಜ್ ಸ್ಥಿರವಾಗಿದೆಯಾ, ರಕ್ಷಣೆ ಸರಿಯಾಗಿ ಕೆಲಸ ಮಾಡುತ್ತದಾ ಅನ್ನುವುದು ಆ ಪರೀಕ್ಷೆಯ ವಿಷಯವೇ ಅಲ್ಲ. ನಾನಾದರೆ ಎರಡು ವಿಷಯ ನೋಡುತ್ತೇನೆ. ಒಂದು ವಾರಂಟಿ ಎಷ್ಟು ವರ್ಷ. ಇನ್ನೊಂದು, ಎಟಿಎಕ್ಸ್ 3.0 ಅಥವಾ 3.1 ಅಂತ ಬರೆದಿದೆಯಾ. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮವನ್ನು ಬರೆದಿದ್ದೇ ಈ ಸ್ಪೈಕ್‌ಗಳನ್ನು ಮನಸ್ಸಲ್ಲಿಟ್ಟುಕೊಂಡು. 450 ವ್ಯಾಟ್‌ಗಿಂತ ದೊಡ್ಡದಾದ, ಹೊಸ 16-ಪಿನ್ ಕನೆಕ್ಟರ್ ಇರುವ ಪವರ್ ಸಪ್ಲೈ, ತನ್ನ ಸಾಮರ್ಥ್ಯದ ಎರಡು ಪಟ್ಟು ಭಾರವನ್ನು 100 ಮೈಕ್ರೊಸೆಕೆಂಡ್ ಕಾಲ ಆರದೇ ತಾಳಬೇಕು ಅಂತ ಅದು ಹೇಳುತ್ತದೆ. ನಿಮ್ಮ 3080ಗೆ ಆ ಕನೆಕ್ಟರ್ ಬೇಕಿಲ್ಲ, ಆದರೆ ಆ ತಾಳಿಕೆ ಬೇಕು.

ಈಗ ಕೇಬಲ್. ಇದರಲ್ಲಿ ಜನ ಅವಸರ ಮಾಡುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

8-ಪಿನ್ ಕನೆಕ್ಟರ್ ಒಂದಕ್ಕೆ ನಿಯಮದ ಪ್ರಕಾರ 150 ವ್ಯಾಟ್. 6-ಪಿನ್‌ಗೆ 75. ಮದರ್‌ಬೋರ್ಡ್ ಸ್ಲಾಟ್‌ನಿಂದ 75ರವರೆಗೆ ಸಿಗುತ್ತದೆ. ಎರಡು 8-ಪಿನ್ ಮತ್ತು ಸ್ಲಾಟ್ ಸೇರಿದರೆ 375, ಹಾಗಾಗಿ 320ರ ಕಾರ್ಡ್‌ಗೆ ಎರಡು ಕನೆಕ್ಟರ್ ಸಾಕಾಗಿದೆ. ಕೆಲವು 3080 ಮಾದರಿಗಳಲ್ಲಿ ಮೂರು ಇರುತ್ತವೆ, ಕೊಳ್ಳುವ ಮೊದಲು ಕಾರ್ಡ್‌ನ ಫೋಟೋ ನೋಡಿ ಎಣಿಸಿಕೊಳ್ಳಿ. ಇಲ್ಲದಿದ್ದರೆ ಪವರ್ ಸಪ್ಲೈ ಬಂದ ಮೇಲೆ ಒಂದು ಕೇಬಲ್ ಕಡಿಮೆ ಅಂತ ಕೂತಿರಬೇಕಾಗುತ್ತದೆ.

8-ಪಿನ್ ಅಂದರೂ 12 ವೋಲ್ಟ್ ಸಾಗಿಸುವ ತಂತಿ ಅದರಲ್ಲಿ ಮೂರೇ. ಉಳಿದವು ವಾಪಸ್ ಬರುವ ಗ್ರೌಂಡ್ ಮತ್ತು ಕೇಬಲ್ ಚುಚ್ಚಿದೆ ಅಂತ ಕಾರ್ಡ್‌ಗೆ ತಿಳಿಸುವ ಪಿನ್‌ಗಳು. 150 ವ್ಯಾಟ್ ಅಂದರೆ 12.5 ಆಂಪ್ಸ್, ಮೂರು ತಂತಿಗೆ ಹಂಚಿದರೆ ಒಂದೊಂದಕ್ಕೆ 4 ಚಿಲ್ಲರೆ ಆಂಪ್ಸ್. ನಿಮ್ಮ ಹತ್ರ ಇರುವ ಎರಡು ಕನೆಕ್ಟರ್‌ನ ಕೇಬಲ್‌ನಲ್ಲಿ ಏನಾಗುತ್ತದೆ ನೋಡಿ. ಕಾರ್ಡ್ ಸ್ಲಾಟ್‌ನಿಂದ ಒಂದು 65 ತಗೊಂಡು ಉಳಿದ 255 ವ್ಯಾಟ್ ಕೇಬಲ್‌ನಿಂದ ಕೇಳುತ್ತದೆ ಅಂದುಕೊಳ್ಳೋಣ. ಕಾರ್ಡ್ ಹತ್ರ ಎರಡು ಕನೆಕ್ಟರ್ ಇರುವುದರಿಂದ ಅಲ್ಲಿ ಏನೂ ತೊಂದರೆ ಇಲ್ಲ. ಆದರೆ ಪವರ್ ಸಪ್ಲೈಯಿಂದ ಮೊದಲ ಕನೆಕ್ಟರ್‌ವರೆಗೆ ಇರುವುದು ಅದೇ ಮೂರು ತಂತಿ. 21 ಆಂಪ್ಸ್ ಮೂರು ತಂತಿಯಲ್ಲಿ, ಒಂದೊಂದಕ್ಕೆ 7 ಆಂಪ್ಸ್. ಎರಡು ಬೇರೆ ಕೇಬಲ್ ಹಾಕಿದ್ದರೆ 3.5 ಇರುತ್ತಿತ್ತು. ಕರೆಂಟ್ ಎರಡು ಪಟ್ಟಾದರೆ ತಂತಿಯ ಬಿಸಿ ನಾಲ್ಕು ಪಟ್ಟು. ಜೊತೆಗೆ ವೋಲ್ಟೇಜ್ ಕೂಡ ದಾರಿಯಲ್ಲೇ ಬೀಳುತ್ತದೆ. ಸಾಮಾನ್ಯ 18 ಗೇಜ್ ತಂತಿ, 60 ಸೆಂಟಿಮೀಟರ್ ಉದ್ದ ಅಂತ ಹಿಡಿದರೆ ಹೋಗುವಾಗ ಬರುವಾಗ ಸೇರಿ 0.18 ವೋಲ್ಟ್ ಹತ್ತಿರ ಹೋಗುತ್ತದೆ, ಅದೂ ಸ್ಪೈಕ್ ಇಲ್ಲದ ಹೊತ್ತಲ್ಲಿ.

ಇದರಿಂದ ಮನೆಗೆ ಬೆಂಕಿ ಬೀಳುತ್ತದೆ ಅಂತ ನಾನು ಹೇಳುತ್ತಿಲ್ಲ. ದಪ್ಪ ತಂತಿ ಹಾಕಿರುವ ಒಳ್ಳೆಯ ತಯಾರಕರು ತಮ್ಮ ಎರಡು ತಲೆಯ ಕೇಬಲ್ ಇಷ್ಟು ಭಾರ ತಾಳುತ್ತದೆ ಅಂತ ಬರೆದುಕೊಂಡೇ ಕೊಡುತ್ತಾರೆ, ತಾಳುತ್ತದೆ ಕೂಡ. ಆದರೆ ನಿಮ್ಮ ಕೇಬಲ್ ಹಾಗೆ ಬರೆದದ್ದಲ್ಲ, ಹಳೇದು ಬೇರೆ. ಇಂಥ ಕೇಬಲ್ ಒಂದನ್ನು ನಾನು ಮಾಡ್ಯುಲರ್ ಪವರ್ ಸಪ್ಲೈಯ ಕಡೆಯಿಂದ ಬಿಚ್ಚಿದಾಗ ಅದು ಸುಲಭವಾಗಿ ಬರಲಿಲ್ಲ, ಅಂಟಿಕೊಂಡಿತ್ತು. ಎಳೆದ ಮೇಲೆ ನೋಡಿದರೆ ಕಪ್ಪು ಪ್ಲಾಸ್ಟಿಕ್‌ನ ಮೂರು ತೂತುಗಳ ಅಂಚು ಕಂದು ಬಣ್ಣಕ್ಕೆ ತಿರುಗಿ ಸ್ವಲ್ಪ ಒಳಗೆ ಬಾಗಿತ್ತು. ಆ ಮೂರೂ 12 ವೋಲ್ಟ್‌ನವು. ಕಾರ್ಡ್ ಕಡೆಯ ಎರಡು ಕನೆಕ್ಟರ್‌ಗಳು ಹೊಸದರಂತೆಯೇ ಇದ್ದವು. ಹಾಗಾಗಿ ಪರೀಕ್ಷಿಸುವುದಾದರೆ ಕಣ್ಣಿಗೆ ಕಾಣುವ ಕಾರ್ಡ್ ಕಡೆಯನ್ನು ಬಿಟ್ಟು, ಒಳಗೆ ಅಡಗಿರುವ ಪವರ್ ಸಪ್ಲೈ ಕಡೆಯ ತುದಿಯನ್ನು ನೋಡಿ. ನನ್ನ ಮಟ್ಟಿಗೆ 200 ವ್ಯಾಟ್ ಸುತ್ತಮುತ್ತಲಿನ ಕಾರ್ಡ್‌ವರೆಗೆ ಒಂದು ಕೇಬಲ್ ನಡೆಯಬಹುದು. ಅದರ ಮೇಲೆ ಎರಡು.

ಕೇಬಲ್ ಸಾಲದೇ ಬಂದಾಗ ಜನ ಕನ್ವರ್ಟರ್ ಹುಡುಕುತ್ತಾರೆ. ಸಾಟಾ ಕನೆಕ್ಟರ್‌ನಿಂದ 8-ಪಿನ್ ಮಾಡುವ ಸಣ್ಣ ತಂತಿಗಳು ಸಿಗುತ್ತವೆ, ದಯವಿಟ್ಟು ಅದನ್ನು ಮುಟ್ಟಬೇಡಿ. ಸಾಟಾ ಪವರ್ ಕನೆಕ್ಟರ್‌ನಲ್ಲಿ 12 ವೋಲ್ಟ್‌ಗೆ ಮೂರು ಸಣ್ಣ ಪಿನ್, ಒಂದೊಂದು 1.5 ಆಂಪ್ಸ್. ಒಟ್ಟು 54 ವ್ಯಾಟ್. ಅದರಿಂದ 150 ವ್ಯಾಟ್ ಎಳೆಯಲು ಹೊರಟರೆ ಪ್ಲಾಸ್ಟಿಕ್ ಕರಗುತ್ತದೆ. ಪವರ್ ಸಪ್ಲೈಯಲ್ಲಿ ಬೇಕಾದಷ್ಟು 8-ಪಿನ್ ಇಲ್ಲ ಅಂದರೆ ಆ ಕಾರ್ಡ್‌ಗೆ ಅದು ತಕ್ಕದ್ದಲ್ಲ ಅಂತ ತಯಾರಕರೇ ಹೇಳಿದ ಹಾಗೆ.

ಪ್ರೊಸೆಸರ್‌ಗೆ ಹೋಗುವ ಕೇಬಲ್ ಕೂಡ 8-ಪಿನ್ನೇ, ನೋಡಲು ಒಂದೇ ತರ. ಆದರೆ ಅದರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಸಾಲು ಅದಲು ಬದಲು. ಗುರುತು ಹಿಡಿಯುವುದು ಸುಲಭ: ಪ್ರೊಸೆಸರ್‌ನದು ಸಾಮಾನ್ಯವಾಗಿ ನಾಲ್ಕು ನಾಲ್ಕಾಗಿ ಬಿಡಿಸಿಕೊಳ್ಳುತ್ತದೆ, ಗ್ರಾಫಿಕ್ಸ್ ಕಾರ್ಡ್‌ನದು ಆರು ಮತ್ತು ಎರಡಾಗಿ. ಪಿನ್‌ಗಳ ಆಕಾರ ಬೇರೆ ಇರುವುದರಿಂದ ಸರಾಗವಾಗಿ ಹೋಗುವುದಿಲ್ಲ. ಹೋಗುತ್ತಿಲ್ಲ ಅಂದರೆ ಬಲ ಹಾಕಬೇಡಿ, ತಪ್ಪು ಕೇಬಲ್ ಕೈಯಲ್ಲಿದೆ.

ಇನ್ನು ನಿಮ್ಮ ಹೊಸ ಪವರ್ ಸಪ್ಲೈ ಮಾಡ್ಯುಲರ್ ಆಗಿದ್ದರೆ, ಅಂದರೆ ಎರಡೂ ತುದಿಯಲ್ಲಿ ಬಿಚ್ಚಬಹುದಾದ ಕೇಬಲ್‌ಗಳದ್ದಾಗಿದ್ದರೆ, ಹಳೇ ಕೇಬಲ್ ಒಂದನ್ನೂ ಉಳಿಸಿಕೊಳ್ಳಬೇಡಿ. ಕ್ಯಾಬಿನೆಟ್ ಹಿಂದೆ ಅಷ್ಟು ಚೆಂದ ಕಟ್ಟಿಟ್ಟಿರುವ ಕೇಬಲ್ ಬಿಚ್ಚಲು ಬೇಸರವಾಗುತ್ತದೆ, ತುದಿ ಹೊಸದಕ್ಕೂ ಸರಿಯಾಗಿ ಕೂರುತ್ತದೆ, ಹಾಗಾಗಿ ಪವರ್ ಸಪ್ಲೈ ಮಾತ್ರ ಬದಲಾಯಿಸಿ ಬಿಡೋಣ ಅನ್ನಿಸುತ್ತದೆ. ಕಾರ್ಡ್ ಮತ್ತು ಬೋರ್ಡ್ ಕಡೆಯ ತುದಿಗೆ ನಿಯಮ ಇದೆ, ಪವರ್ ಸಪ್ಲೈ ಕಡೆಯ ತುದಿಗೆ ಇಲ್ಲ. ಯಾವ ಪಿನ್‌ನಲ್ಲಿ 12 ವೋಲ್ಟ್, ಯಾವುದರಲ್ಲಿ 5 ಅನ್ನುವುದು ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಕಂಪನಿಯ ಎರಡು ಮಾದರಿಗಳಿಗೂ ಬೇರೆ. 5 ವೋಲ್ಟ್ ಬರಬೇಕಾದ ತಂತಿಯಲ್ಲಿ 12 ಬಂದರೆ ಸ್ವಿಚ್ ಹಾಕಿದ ಕ್ಷಣವೇ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಸುಟ್ಟುಹೋಗುತ್ತವೆ, ಒಳಗಿನ ಫೋಟೋಗಳ ಸಮೇತ. ಹೀಗೆ ಸುಟ್ಟ ಡ್ರೈವ್ ಹಿಡಿದು ಬಂದವರನ್ನು ನಾನು ನೋಡಿದ್ದೇನೆ.

ನಾಳೆ ನೀವು 3080 ಬಿಟ್ಟು ಹೊಸ ಕಾರ್ಡ್ ತಗೊಂಡರೆ ಎರಡು 8-ಪಿನ್ ಜಾಗದಲ್ಲಿ ಒಂದೇ 16-ಪಿನ್ ಕನೆಕ್ಟರ್ ಇರುವ ಸಾಧ್ಯತೆ ಜಾಸ್ತಿ. ಮೊದಲು ಬಂದದ್ದು 12ವಿಎಚ್‌ಪಿಡಬ್ಲ್ಯುಆರ್, ತಿದ್ದಿ ಬಂದದ್ದು 12ವಿ-2x6. ಅಂಗೈಯಲ್ಲಿ ಎಲ್ಲೋ ಕಳೆದುಹೋಗುವಷ್ಟು ಚಿಕ್ಕದು, ಆದರೆ 600 ವ್ಯಾಟ್‌ವರೆಗೆ ಸಾಗಿಸುತ್ತದೆ. ಆರು ಪಿನ್‌ಗಳಲ್ಲಿ 50 ಆಂಪ್ಸ್, ಒಂದೊಂದಕ್ಕೆ 8.3. ಪಿನ್‌ನ ಮಿತಿಯೇ ಒಂಬತ್ತು ಚಿಲ್ಲರೆ ಆಂಪ್ಸ್. ಉಳಿದಿರುವ ಅವಕಾಶ ಎಷ್ಟು ಕಡಿಮೆ ನೋಡಿ, ಹಳೇ 8-ಪಿನ್‌ನಲ್ಲಿದ್ದ ಧಾರಾಳ ಇಲ್ಲಿಲ್ಲ. ಪೂರ್ತಿ ಒಳಗೆ ಕೂರದೆ ಒಂದೆರಡು ಮಿಲಿಮೀಟರ್ ಹೊರಗೆ ಉಳಿದರೆ ಕರೆಂಟ್ ಕೆಲವೇ ಪಿನ್‌ಗಳಿಗೆ ಹೋಗಿ ಅವು ಕಾಯುತ್ತವೆ. ತಿದ್ದಿದ ಆವೃತ್ತಿಯಲ್ಲಿ ನಾಲ್ಕು ಸಣ್ಣ ಸೆನ್ಸ್ ಪಿನ್‌ಗಳನ್ನು ಗಿಡ್ಡ ಮಾಡಿದ್ದಾರೆ. ಪ್ಲಗ್ ಪೂರ್ತಿ ಕೂರದಿದ್ದರೆ ಅವು ತಾಗುವುದಿಲ್ಲ, ಕಾರ್ಡ್ ಪವರ್ ತಗೊಳ್ಳುವುದೇ ಇಲ್ಲ. ಹಾಗಾಗಿ ಈಗ 750 ಕೊಳ್ಳುವಾಗಲೇ ಈ ಕೇಬಲ್ ಜೊತೆಗಿರುವ ಎಟಿಎಕ್ಸ್ 3.1 ಮಾದರಿ ಸಿಕ್ಕರೆ ಅದನ್ನೇ ತಗೊಳ್ಳಿ, ಮುಂದೆ ಅಡಾಪ್ಟರ್ ಜೋತುಬಿಡುವ ಕಷ್ಟ ತಪ್ಪುತ್ತದೆ. ಚುಚ್ಚುವಾಗ ಹೆಬ್ಬೆರಳಿನಿಂದ ಒತ್ತಿ, ಕ್ಲಿಕ್ ಕೇಳಿಸಬೇಕು, ಸಂದಿ ಕಾಣಬಾರದು. ಕನೆಕ್ಟರ್‌ನಿಂದ ಮೂರೂವರೆ ಸೆಂಟಿಮೀಟರ್ ನೇರ ಬಿಟ್ಟು ಆಮೇಲೆ ಕೇಬಲ್ ಬಗ್ಗಿಸಿ. ಕ್ಯಾಬಿನೆಟ್ ಬಾಗಿಲು ಕೇಬಲ್ ಅನ್ನು ಒತ್ತುತ್ತಿದ್ದರೆ ಆ ಕ್ಯಾಬಿನೆಟ್‌ಗೆ ಆ ಕಾರ್ಡ್ ಆಗುವುದಿಲ್ಲ.

ಎಲ್ಲ ಜೋಡಿಸಿ ಆದ ಮೇಲೆ ಒಂದು ಕೆಲಸ ಮರೆಯದೆ ಮಾಡಿ. GPU-Z ತೆರೆದು Sensors ಪುಟಕ್ಕೆ ಹೋಗಿ, ಭಾರದ ಗೇಮ್ ಒಂದನ್ನು ಫ್ರೇಮ್ ಮಿತಿ ಇಲ್ಲದೆ ಅರ್ಧ ಗಂಟೆ ಆಡಿ. ನಡುವೆ ಮೆನುಗೆ ಹೋಗಿ ಬನ್ನಿ, ಲೆವೆಲ್ ಲೋಡ್ ಮಾಡಿ, ಆಲ್ಟ್-ಟ್ಯಾಬ್ ಹೊಡೆಯಿರಿ, ಅಂದರೆ ಭಾರ ಏರಿ ಇಳಿಯುವ ಹಾಗೆ ಮಾಡಿ. ನಿಮ್ಮ ಕಾರ್ಡ್‌ನಲ್ಲಿ 8-Pin #1 Voltage ಮತ್ತು 8-Pin #2 Voltage ಅನ್ನುವ ಸಾಲುಗಳು ಕಾಣಬೇಕು. ಅವುಗಳ ಮೇಲೆ ಒತ್ತಿ ಕನಿಷ್ಠ ಮೌಲ್ಯ ತೋರಿಸುವಂತೆ ಇಟ್ಟುಕೊಳ್ಳಿ. ಎರಡೂ 11.8ರ ಮೇಲೆ ನಿಂತು, ಒಂದಕ್ಕೊಂದು ಹತ್ತಿರ ಇದ್ದರೆ ನಿಶ್ಚಿಂತೆ. ಒಂದು 11.9, ಇನ್ನೊಂದು 11.5 ಅಂತ ದೂರ ದೂರ ಇದ್ದರೆ ಎರಡನೇ ಕೇಬಲ್ ಸರಿಯಾಗಿ ಕೂತಿಲ್ಲ, ಪಿಸಿ ಆರಿಸಿ ಎರಡೂ ತುದಿ ಬಿಚ್ಚಿ ಮತ್ತೆ ಹಾಕಿ. ಎರಡೂ ಒಟ್ಟಿಗೆ 11.4ಕ್ಕಿಂತ ಕೆಳಗೆ ಇಳಿದರೆ ಅದು 12 ವೋಲ್ಟ್‌ಗಿಂತ ಶೇಕಡಾ 5ಕ್ಕೂ ಹೆಚ್ಚು ಕೆಳಗೆ. ಹೊಸ ಪವರ್ ಸಪ್ಲೈ ಆಗಿದ್ದರೂ ಸರಿ, ಅದನ್ನು ವಾರಂಟಿಗೆ ಕೊಡಿ.